ಕಡಿಮೆ ಅಂಕ ಬಂದದ್ದನ್ನೇ ಮೊದಲು ಹಿಡಿಯಬೇಕಾ?

ಪ್ರಶ್ನೆ: ನಮ್ಮದು ಬೊಮ್ಮಸಂದ್ರದಲ್ಲಿ ವಾಹನಗಳ ಬಿಡಿಭಾಗ ಮಾಡುವ ಕಾರ್ಖಾನೆ. ಈ ಸಲ ಎಂಗೇಜ್‌ಮೆಂಟ್ ಸರ್ವೆ ಮಾಡಿದೆವು. 28 ಪ್ರಶ್ನೆ, 412 ಜನ ಉತ್ತರ ಕೊಟ್ಟರು. ಎಲ್ಲಕ್ಕಿಂತ ಕಡಿಮೆ ಬಂದದ್ದು ಕ್ಯಾಂಟೀನಿಗೆ, ಆಮೇಲೆ ಸಂಬಳಕ್ಕೆ. ಎಂ.ಡಿ. ಸಾಹೇಬರು ಕ್ಯಾಂಟೀನ್ ಕಂಟ್ರಾಕ್ಟರನ್ನು ಬದಲಾಯಿಸಿ ಅಂತಾರೆ. ನಾನು ಕೋರಿಲೇಷನ್, ರಿಗ್ರೆಷನ್ ಎರಡೂ ಹಾಕಿ ನೋಡಿದೆ. "ನನ್ನ ಕೆಲಸ ಹೇಗಾಯಿತು ಅಂತ ಸೂಪರ್‌ವೈಸರ್ ಹೇಳುತ್ತಾರೆ" ಎಂಬ ಪ್ರಶ್ನೆಗೆ ಮೈನಸ್ ಬಂತು. ಅಂದ್ರೆ ಹೇಳದಿದ್ರೇ ಒಳ್ಳೇದಾ? ಯಾವುದನ್ನು ಮೊದಲು ಹಿಡಿಯಬೇಕು? ಹೆಸರು ತೆಗೆದು ಶೀಟ್ ಕಳಿಸಿದ್ದೇನೆ.

ಉತ್ತರ:

ಮೈನಸ್ ನೋಡಿ ಗಾಬರಿಯಾಗಬೇಡಿ. ಅದಕ್ಕೆ ಕಾರಣ ಇದೆ, ಹೇಳುತ್ತೇನೆ. ಅದಕ್ಕೂ ಮೊದಲು ನಿಮ್ಮ ಶೀಟಿನಲ್ಲೇ ಎರಡು ತೊಂದರೆ ಇವೆ. ಅವನ್ನು ಸರಿಮಾಡದೆ ಮುಂದೆ ಹೋದರೆ ಯಾವ ಲೆಕ್ಕ ಹಾಕಿದರೂ ಸುಮ್ನೆ.

ನೀವು ಎರಡು ಶೀಟಿನಲ್ಲಿ ಎರಡು ಬೇರೆ ಬೇರೆ "ಎಂಗೇಜ್‌ಮೆಂಟ್" ಇಟ್ಟಿದ್ದೀರಿ. ರಿಗ್ರೆಷನ್ ಶೀಟಿನಲ್ಲಿ ಅದು ನಾಲ್ಕು ಪ್ರಶ್ನೆಗಳ ಸರಾಸರಿ: ಇಲ್ಲಿ ಕೆಲಸ ಮಾಡಲು ಹೆಮ್ಮೆ ಇದೆ, ನನ್ನ ತಮ್ಮನಿಗೂ ಇಲ್ಲಿ ಸೇರು ಎನ್ನುತ್ತೇನೆ, ಇನ್ನೆರಡು ವರ್ಷ ಇಲ್ಲೇ ಇರುತ್ತೇನೆ, ಅಗತ್ಯ ಬಿದ್ದರೆ ಒಂದು ಕೈ ಜಾಸ್ತಿ ಹಾಕುತ್ತೇನೆ. ಇದು ಸರಿಯಾಗಿದೆ. ಆದರೆ ಕೋರಿಲೇಷನ್ ಶೀಟಿನಲ್ಲಿ ಎಲ್ಲ 28 ಪ್ರಶ್ನೆಗಳ ಸರಾಸರಿಯನ್ನೇ ಎಂಗೇಜ್‌ಮೆಂಟ್ ಎಂದು ಕರೆದಿದ್ದೀರಿ. ಕ್ಯಾಂಟೀನ್ ಅಂಕವೂ ಅದರೊಳಗೇ ಇದೆ. ಒಂದು ಅಂಕವನ್ನು ಅದೇ ಸೇರಿರುವ ಮೊತ್ತದ ಜೊತೆ ಹೋಲಿಸಿದರೆ ನಂಟು ಕಾಣದೆ ಇರುತ್ತದಾ? 28 ಪ್ರಶ್ನೆಗೂ ದಾಳ ಉರುಳಿಸಿ ಉತ್ತರ ಬರೆದರೂ, ಪ್ರತಿ ಪ್ರಶ್ನೆಗೂ ಆ ಸರಾಸರಿಗೂ ಸುಮಾರು 0.19 ಕೋರಿಲೇಷನ್ ಬಂದೇ ಬರುತ್ತದೆ (1 ಅನ್ನು 28ರ ವರ್ಗಮೂಲದಿಂದ ಭಾಗಿಸಿದರೆ ಬರುವ ಸಂಖ್ಯೆ ಇದು). ಕ್ಯಾಂಟೀನಿಗೆ ನಿಮಗೆ 0.31 ಬಂದದ್ದು ಹೀಗೇ. ನಾಲ್ಕು ಪ್ರಶ್ನೆಗಳ ಸರಾಸರಿಯ ಜೊತೆ ಇಟ್ಟು ನೋಡಿದೆ, 0.14ಕ್ಕೆ ಇಳಿಯಿತು.

ಹಾಗಾಗಿ ಪ್ರಶ್ನೆಗಳನ್ನು ಎರಡು ಗುಂಪು ಮಾಡಿಕೊಳ್ಳಿ. ನಾಲ್ಕು ಫಲದ ಪ್ರಶ್ನೆಗಳು, ಉಳಿದ 24 ಕಾರಣದ ಪ್ರಶ್ನೆಗಳು. ಒಂದರಲ್ಲಿ ಇದ್ದದ್ದು ಇನ್ನೊಂದರಲ್ಲಿ ಇರಬಾರದು. "ಒಟ್ಟಿನಲ್ಲಿ ಇದು ಒಳ್ಳೆಯ ಕಂಪನಿ" ಎನ್ನುವಂಥ ಪ್ರಶ್ನೆ ಕಾರಣದ ಗುಂಪಿನಲ್ಲಿ ನುಸುಳಿದರೆ ಅದೇ ಮೊದಲ ಸ್ಥಾನಕ್ಕೆ ಬಂದು ಕೂರುತ್ತದೆ. ಅದನ್ನು ಹಿಡಿದುಕೊಂಡು ಮಾಡುವುದೇನು? "ಒಳ್ಳೆಯ ಕಂಪನಿಯಾಗಿ" ಎಂದು ಯಾರಿಗೂ ಕೆಲಸ ಹಂಚಲು ಆಗುವುದಿಲ್ಲ.

ಎರಡನೆಯ ತೊಂದರೆ ಖಾಲಿ ಮನೆಗಳು. ನಿಮ್ಮ ರಿಗ್ರೆಷನ್ ಫಲಿತಾಂಶದ ಕೆಳಗೆ ನೋಡಿ, ಲೆಕ್ಕಕ್ಕೆ ಬಂದದ್ದು 297 ಜನ ಮಾತ್ರ. ಒಂದೇ ಒಂದು ಪ್ರಶ್ನೆ ಖಾಲಿ ಬಿಟ್ಟಿದ್ದರೂ ಆ ಸಾಲನ್ನೇ ಕೈಬಿಟ್ಟಿದೆ. ಬಿಟ್ಟುಹೋದ 115 ಜನ ಯಾರು ಎಂದು ನೋಡಿದೆ. ಬಹುತೇಕರು ಕಾಂಟ್ರಾಕ್ಟ್ ಮೇಲೆ ಬಂದವರು, ಮತ್ತು ಬಹುತೇಕರು ಬಿಟ್ಟಿರುವುದು ಪ್ರಮೋಷನ್ ಬಗೆಗಿನ ಪ್ರಶ್ನೆಯನ್ನು. ಅವರಿಗೆ ಪ್ರಮೋಷನ್ನೇ ಇಲ್ಲ, ಏನಂತ ಬರೆಯಬೇಕು? ಅಂದರೆ ನಿಮಗೆ ಗೊತ್ತಿಲ್ಲದೆಯೇ ಅದು ಕಾಯಂ ನೌಕರರ ಸರ್ವೆ ಆಗಿಬಿಟ್ಟಿದೆ. ನಾನು ಆ ಒಂದು ಪ್ರಶ್ನೆಯನ್ನು ಒಟ್ಟು ಲೆಕ್ಕದಿಂದ ತೆಗೆದು, ಕಾಯಂ ನೌಕರರಿಗೆ ಮಾತ್ರ ಬೇರೆಯಾಗಿ ನೋಡಿದೆ. ಲೆಕ್ಕಕ್ಕೆ ಸಿಕ್ಕವರು 391ಕ್ಕೆ ಏರಿದರು.

ಈಗ ಮೈನಸ್ ವಿಷಯ.

ಸೂಪರ್‌ವೈಸರ್ ಬಗ್ಗೆ ನೀವು ಕೇಳಿದ ಎರಡು ಪ್ರಶ್ನೆ ತೆಗೆದುಕೊಳ್ಳೋಣ. "ನನ್ನ ಮಾತಿಗೆ ಬೆಲೆ ಕೊಡುತ್ತಾರೆ" ಎಂಬುದಕ್ಕೂ ಎಂಗೇಜ್‌ಮೆಂಟಿಗೂ ಕೋರಿಲೇಷನ್ 0.60. "ಕೆಲಸ ಹೇಗಾಯಿತು ಅಂತ ಹೇಳುತ್ತಾರೆ" ಎಂಬುದಕ್ಕೆ 0.45. ಎರಡೂ ಪ್ಲಸ್, ಎರಡೂ ಚೆನ್ನಾಗಿಯೇ ಇವೆ. ಆದರೆ ಈ ಎರಡು ಪ್ರಶ್ನೆಗಳ ನಡುವೆ 0.80 ಇದೆ. ಅಂದರೆ ಮಾತಿಗೆ ಬೆಲೆ ಕೊಡುವ ಸೂಪರ್‌ವೈಸರೇ ಕೆಲಸ ಹೇಗಾಯಿತು ಅಂತ ಹೇಳುವವರೂ ಹೌದು. ಜನ ಎರಡಕ್ಕೂ ಹೆಚ್ಚುಕಡಿಮೆ ಒಂದೇ ಅಂಕ ಹಾಕಿದ್ದಾರೆ.

ಎರಡನ್ನೂ ಒಟ್ಟಿಗೆ ರಿಗ್ರೆಷನ್ನಿಗೆ ಹಾಕಿದರೆ ಅದು ಕೇಳುವ ಪ್ರಶ್ನೆ ಬೇರೆಯೇ. "ಮಾತಿಗೆ ಬೆಲೆ ಕೊಡುವ ವಿಷಯದಲ್ಲಿ ಒಂದೇ ಅಂಕ ಕೊಟ್ಟವರನ್ನು ಪಕ್ಕಕ್ಕೆ ಪಕ್ಕ ಇಟ್ಟಾಗ, ಕೆಲಸ ಹೇಗಾಯಿತು ಅಂತ ಹೇಳುವುದರಿಂದ ಇನ್ನೇನಾದರೂ ವ್ಯತ್ಯಾಸ ಇದೆಯಾ?" ಎಂದು ಅದು ಕೇಳುತ್ತದೆ. ಕಾಗದದ ಮೇಲೇ ಹಾಕಿ ನೋಡಬಹುದು. ಮೊದಲನೆಯ ಪ್ರಶ್ನೆಗೆ ರಿಗ್ರೆಷನ್ ಕೊಡುವ ಸಂಖ್ಯೆ b1, ಎರಡನೆಯದಕ್ಕೆ ಕೊಡುವುದು b2.

```
b1 = (0.60 - 0.45*0.80) / (1 - 0.80^2) =  0.67
b2 = (0.45 - 0.60*0.80) / (1 - 0.80^2) = -0.08
```

ಬಂತಲ್ಲ ಮೈನಸ್. ಎರಡನೆಯ ಪ್ರಶ್ನೆಯ ಹತ್ತಿರ ಇದ್ದದ್ದನ್ನೆಲ್ಲ ಮೊದಲನೆಯದು ನುಂಗಿಬಿಟ್ಟಿದೆ. ಉಳಿದ ಚೂರುಪಾರಿಗೆ ಬಂದ ಗುರುತು ಅದು. ಅದನ್ನು ನಂಬಿ "ಫೀಡ್‌ಬ್ಯಾಕ್ ನಿಲ್ಲಿಸಿ" ಎಂದು ಸೂಪರ್‌ವೈಸರ್‌ಗಳಿಗೆ ಹೇಳಿದರೆ ಅನಾಹುತ. ಸರ್ವೆಯ ಪ್ರಶ್ನೆಗಳು ಹೀಗೆ ಒಂದಕ್ಕೊಂದು ಅಂಟಿಕೊಂಡೇ ಇರುತ್ತವೆ. ಖುಷಿಯಾಗಿರುವವರು ಎಲ್ಲಕ್ಕೂ ನಾಲ್ಕು ಐದು ಹಾಕುತ್ತಾರೆ, ಸಿಟ್ಟಿನಲ್ಲಿರುವವರು ಎಲ್ಲಕ್ಕೂ ಎರಡು. ಅದಕ್ಕೇ ಬರೀ ರಿಗ್ರೆಷನ್ ಸಂಖ್ಯೆಗಳನ್ನು ಸಾಲಾಗಿ ನಿಲ್ಲಿಸಿ ಯಾವುದು ದೊಡ್ಡದು ಎಂದು ತೀರ್ಮಾನಿಸಬಾರದು.

ಬರೀ ಕೋರಿಲೇಷನ್ ಸಾಕಲ್ವಾ ಎಂದು ನೀವು ಕೇಳಬಹುದು. ಅದು ಇನ್ನೊಂದು ಕಡೆಗೆ ತಪ್ಪುತ್ತದೆ. ಇಬ್ಬರು ಹಮಾಲಿಗಳು ಸೇರಿ ಒಂದು ಮೂಟೆ ಎತ್ತಿದರು ಅಂದುಕೊಳ್ಳಿ. ಕೋರಿಲೇಷನ್ ಇಬ್ಬರಿಗೂ ಪೂರ್ತಿ ಮೂಟೆಯ ಕೂಲಿ ಕೊಡುತ್ತದೆ. ರಿಗ್ರೆಷನ್ ಒಬ್ಬನಿಗೆ ಕೂಲಿ ಕೊಟ್ಟು, ಇನ್ನೊಬ್ಬನಿಗೆ "ನೀನು ಇಲ್ಲದಿದ್ದರೂ ಎತ್ತುತ್ತಿದ್ದ" ಎಂದು ಕಳಿಸಿಬಿಡುತ್ತದೆ. ನಮಗೆ ಬೇಕಿರುವುದು ಕೂಲಿಯನ್ನು ನ್ಯಾಯವಾಗಿ ಹಂಚುವ ಲೆಕ್ಕ.

ಅಂಥ ಲೆಕ್ಕ ಇದೆ. ಲಿಂಡೆಮನ್, ಮೆರೆಂಡಾ, ಗೋಲ್ಡ್ ಎಂಬ ಮೂವರು 1980ರಲ್ಲಿ ಕೊಟ್ಟದ್ದು, ಅವರ ಹೆಸರಿನ ಮೊದಲಕ್ಷರ ಸೇರಿಸಿ ಎಲ್‌ಎಂಜಿ ಅಂತಾರೆ. ಲಾಯ್ಡ್ ಶೇಪ್ಲಿ 1953ರಲ್ಲಿ ಆಟಗಳ ಗಣಿತದಲ್ಲಿ ತೋರಿಸಿದ ಹಂಚಿಕೆಯ ಉಪಾಯವೂ ಇದೇ. ಮಾಡುವುದು ಇಷ್ಟೇ. ಒಂದು ಪ್ರಶ್ನೆ ಮೊದಲು ಬಂದರೆ ಎಷ್ಟು ವಿವರಿಸುತ್ತದೆ, ಬೇರೆಯವು ಬಂದ ಮೇಲೆ ಬಂದರೆ ಎಷ್ಟು ಸೇರಿಸುತ್ತದೆ, ಎಲ್ಲ ಸರದಿಯನ್ನೂ ನೋಡಿ ಸರಾಸರಿ ತೆಗೆಯುವುದು. ನಮ್ಮ ಎರಡು ಪ್ರಶ್ನೆಗೆ ಹಾಕೋಣ. ಮೊದಲನೆಯದೊಂದೇ ಇದ್ದರೆ ಎಂಗೇಜ್‌ಮೆಂಟಿನ ಏರುಪೇರಿನಲ್ಲಿ 36% ವಿವರಿಸುತ್ತದೆ (0.60ರ ವರ್ಗ). ಎರಡನೆಯದೊಂದೇ ಇದ್ದರೆ 20.25%. ಎರಡೂ ಸೇರಿದರೆ 36.25%. ಮೊದಲನೆಯದು ಎರಡನೆಯದರ ನಂತರ ಬಂದರೆ ಸೇರಿಸುವುದು 16. 36 ಮತ್ತು 16ರ ಸರಾಸರಿ 26. ಎರಡನೆಯದು ನಂತರ ಬಂದರೆ ಸೇರಿಸುವುದು 0.25 ಮಾತ್ರ. 20.25 ಮತ್ತು 0.25ರ ಸರಾಸರಿ 10.25. ಕೂಡಿಸಿದರೆ 36.25, ಲೆಕ್ಕ ಸರಿಹೋಯಿತು. ಅಂದರೆ 72ಕ್ಕೆ 28ರ ಪಾಲು. ಮೈನಸ್ ಬಂದಿದ್ದ ಪ್ರಶ್ನೆಗೆ ಕಾಲು ಭಾಗಕ್ಕಿಂತ ಜಾಸ್ತಿ ಪಾಲು ಇದೆ ನೋಡಿ.

ಇದನ್ನು ಆರ್ ಎಂಬ ಸಾಫ್ಟ್‌ವೇರ್‌ನಲ್ಲಿ ಮಾಡಲು `relaimpo` ಎಂಬ ಪ್ಯಾಕೇಜ್ ಇದೆ. ಕೆಳಗೆ `eng` ಎಂದರೆ ನಾಲ್ಕು ಫಲದ ಪ್ರಶ್ನೆಗಳ ಸರಾಸರಿ, `d` ಎಂದರೆ ಅದೂ ಕಾರಣದ ಅಂಕಗಳೂ ಮಾತ್ರ ಇರುವ ಶೀಟ್.

```r
library(relaimpo)
m <- lm(eng ~ ., data = d)
calc.relimp(m, type = "lmg", rela = TRUE)
```

ಆದರೆ 24 ಪ್ರಶ್ನೆಯನ್ನೂ ನೇರವಾಗಿ ಹಾಕಬೇಡಿ. 24 ಪ್ರಶ್ನೆಗಳಿಂದ ಮಾಡಬಹುದಾದ ಜೋಡಣೆಗಳು ಒಂದು ಕೋಟಿ 67 ಲಕ್ಷಕ್ಕೂ ಜಾಸ್ತಿ. ಲ್ಯಾಪ್‌ಟಾಪ್ ಹಾಗೇ ಕೂತುಬಿಡುತ್ತದೆ. ಪ್ರಶ್ನೆಗಳನ್ನು ಏಳು ವಿಷಯಗಳಾಗಿ ಗುಂಪು ಮಾಡಿ, ಒಂದೊಂದು ಗುಂಪಿನ ಸರಾಸರಿ ತೆಗೆದುಕೊಂಡರೆ 128 ಜೋಡಣೆ ಸಾಕು, ಕ್ಷಣದಲ್ಲಿ ಮುಗಿಯುತ್ತದೆ. ಗುಂಪು ಮಾಡುವಾಗ ಫಾರಂನಲ್ಲಿ ನೀವು ಬರೆದ ತಲೆಬರಹ ನೋಡಬೇಡಿ, ಯಾವ ಪ್ರಶ್ನೆ ಯಾವುದರ ಜೊತೆ ಹೋಗುತ್ತಿದೆ ಎಂದು ಕೋರಿಲೇಷನ್ ನೋಡಿ. ನಿಮ್ಮ ಫಾರಂನಲ್ಲಿ "ಓಟಿ ನ್ಯಾಯವಾಗಿ ಹಂಚುತ್ತಾರೆ" ಎಂಬುದು ಸಂಬಳದ ತಲೆಬರಹದ ಕೆಳಗಿದೆ. ಆದರೆ ಅಂಕಗಳಲ್ಲಿ ಅದು ರಜೆ ಮತ್ತು ಪಾಳಿ ಹಾಕುವ ಪ್ರಶ್ನೆಗಳ ಜೊತೆ ಅಂಟಿಕೊಂಡಿದೆ. ಕೆಲಸಗಾರರ ಕಣ್ಣಿಗೆ ಅದು ದುಡ್ಡಿನ ವಿಷಯ ಅಲ್ಲ, ನ್ಯಾಯದ ವಿಷಯ. ಅದನ್ನು ಅಲ್ಲಿಗೇ ಸೇರಿಸಿದೆ.

ಬಂದ ಪಾಲು ಹೀಗಿದೆ. ಪಕ್ಕದಲ್ಲಿರುವುದು ನಾಲ್ಕು ಅಥವಾ ಐದು ಅಂಕ ಕೊಟ್ಟವರ ಪ್ರಮಾಣ.

| ವಿಷಯ | ಪಾಲು | ಒಪ್ಪಿದವರು |
|---|---|---|
| ಸೂಪರ್‌ವೈಸರ್ | 27% | 52% |
| ಬೆಳೆಯುವ ಅವಕಾಶ | 19% | 41% |
| ಓಟಿ, ಪಾಳಿ, ರಜೆಯಲ್ಲಿ ನ್ಯಾಯ | 18% | 38% |
| ಟೂಲು, ಮೆಷಿನ್ ರಿಪೇರಿ | 14% | 48% |
| ಸಂಬಳ | 9% | 34% |
| ಸುರಕ್ಷತೆ | 8% | 83% |
| ಕ್ಯಾಂಟೀನ್, ಬಸ್ಸು | 5% | 31% |

ಎಂ.ಡಿ. ಸಾಹೇಬರು ಕೊನೆಯ ಕಾಲಂ ಮಾತ್ರ ನೋಡುತ್ತಿದ್ದಾರೆ. ನೀವು ಈ ಟೇಬಲ್ ತೋರಿಸಿ "ಕ್ಯಾಂಟೀನಿಗೆ ಬರೀ 5%, ಬಿಡಿ ಸಾರ್" ಎಂದರೂ ತಪ್ಪೇ. ಇಲ್ಲಿ ಸ್ವಲ್ಪ ನಿಲ್ಲಬೇಕು.

ಈ ಲೆಕ್ಕ ನೋಡುವುದು ಜನರ ನಡುವಿನ ವ್ಯತ್ಯಾಸವನ್ನು ಮಾತ್ರ. ಎಲ್ಲರಿಗೂ ಒಂದೇ ಥರ ಇರುವ ಕಷ್ಟ ಅದರ ಕಣ್ಣಿಗೆ ಬೀಳುವುದೇ ಇಲ್ಲ. ಊಟ ಎಲ್ಲರಿಗೂ ಒಂದೇ ಥರ ಕೆಟ್ಟದಾಗಿದ್ದರೆ ಖುಷಿಯಾಗಿರುವವರೂ ಎರಡು ಹಾಕುತ್ತಾರೆ, ಬೇಸರದಲ್ಲಿರುವವರೂ ಎರಡು ಹಾಕುತ್ತಾರೆ. ಅಂಕದಲ್ಲಿ ಏರಿಳಿತವೇ ಇಲ್ಲದಿದ್ದರೆ ಕೋರಿಲೇಷನ್ ಎಲ್ಲಿಂದ ಬರಬೇಕು? ಸುರಕ್ಷತೆಗೂ ಹೀಗೇ, ಉಲ್ಟಾ ದಿಕ್ಕಿನಲ್ಲಿ. 83% ಜನ ಒಪ್ಪಿದ್ದಾರೆ, ಆದ್ದರಿಂದ ಪಾಲು ಸಣ್ಣದು. ನಾಳೆ ಒಂದು ಪ್ರೆಸ್‌ನಲ್ಲಿ ಯಾರದಾದರೂ ಬೆರಳು ಹೋದರೆ ಅದೇ ಮೊದಲ ವಿಷಯವಾಗುತ್ತದೆ. ಪಾಲು ಸಣ್ಣದಿದೆ ಎಂದು ಸುರಕ್ಷತೆಯ ಬಜೆಟ್ ಕಡಿತ ಮಾಡಿದ ಕಾರ್ಖಾನೆಯೊಂದನ್ನು ನಾನು ಹತ್ತಿರದಿಂದ ನೋಡಿದ್ದೇನೆ. ಆ ಸಭೆಯಲ್ಲಿ ನಾನೂ ಕೂತಿದ್ದೆ, ಬಾಯಿ ತೆರೆಯಲಿಲ್ಲ. ಅದಕ್ಕೇ ಈಗ ಇಷ್ಟು ಒತ್ತಿ ಹೇಳುತ್ತಿದ್ದೇನೆ.

ಹಾಗಾಗಿ ಪಾಲು ಸಣ್ಣದಿದ್ದು ಅಂಕವೂ ಕಡಿಮೆ ಇರುವ ವಿಷಯ ಬಂದಾಗ, ಅಂಕಗಳ ಹರವನ್ನು ನೋಡಿ. ನಿಮ್ಮಲ್ಲಿ ಪಾಳಿಯ ಕಾಲಂ ಇದೆ, ಅದರ ಪ್ರಕಾರ ಬಿಡಿಸಿದೆ. ಜನರಲ್ ಶಿಫ್ಟ್‌ನಲ್ಲಿ ಊಟಕ್ಕೆ ಹೆಚ್ಚಿನವರು ಮೂರು ಹಾಕಿದ್ದಾರೆ. ಮೂರನೇ ಪಾಳಿಯಲ್ಲಿ ಬಹುತೇಕ ಎಲ್ಲರೂ ಒಂದು. ಅಲ್ಲಿಯ ಒಬ್ಬರು ಕಾಮೆಂಟ್ ಜಾಗದಲ್ಲಿ ಬರೆದಿದ್ದಾರೆ: "ನಮ್ಮ ಸರದಿ ಬರೋ ಹೊತ್ತಿಗೆ ಸಾಂಬಾರಿಗೆ ನೀರು ಬಿದ್ದಿರುತ್ತೆ, ಅನ್ನ ತಣ್ಣಗೆ ಕಲ್ಲಾಗಿರುತ್ತೆ." ಇದಕ್ಕೆ ಕಂಟ್ರಾಕ್ಟರನ್ನು ಬದಲಾಯಿಸಬೇಕಾಗಿಲ್ಲ. ರಾತ್ರಿ ಪಾಳಿಗೆ ಬೇರೆ ಅಡುಗೆ ಮಾಡಿಸಿದರೆ ಆಯಿತು. ಮಾಡಿಸಿ, ನಾಳೆಯೇ ಮಾಡಿಸಿ. ಆದರೆ ಅದನ್ನು ದಿನನಿತ್ಯದ ಕೆಲಸ ಎಂದು ಮಾಡಿಸಿ, ಎಂಗೇಜ್‌ಮೆಂಟ್ ಯೋಜನೆ ಎಂದಲ್ಲ. ಕ್ಯಾಂಟೀನ್ ಸರಿಹೋದ ಮಾತ್ರಕ್ಕೆ ಜನ ಕೆಲಸ ಬಿಟ್ಟು ಹೋಗುವುದು ನಿಲ್ಲುತ್ತದೆ ಎಂದು ಸಾಹೇಬರಿಗೆ ಮಾತು ಕೊಡಬೇಡಿ.

ಸಂಬಳದ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಅದಕ್ಕೆ ಯಾವ ಕಾರ್ಖಾನೆಯಲ್ಲೂ ಕಡಿಮೆ ಅಂಕವೇ ಬರುತ್ತದೆ, ಸಾಕು ಎಂದು ಬರೆಯುವವರು ಯಾರಿದ್ದಾರೆ? ಅಕ್ಕಪಕ್ಕದ ಕಾರ್ಖಾನೆಗಳ ಸಂಬಳದ ಜೊತೆ ಹೋಲಿಸಿ ನೋಡಿ, ಅದು ಸರ್ವೆಗಿಂತ ನೇರವಾದ ಉತ್ತರ. ಇನ್ನೊಂದು ಮಾತು, ನೀವು ಸರ್ವೆ ಮಾಡಿರುವುದು ದೀಪಾವಳಿ ಬೋನಸ್ಸಿನ ಮಾತುಕತೆ ನಡೆಯುತ್ತಿದ್ದ ವಾರದಲ್ಲಿ. ಮುಂದಿನ ವರ್ಷ ಬೇರೆ ತಿಂಗಳಲ್ಲಿ ಮಾಡಿ ಸಂಬಳದ ಅಂಕ ಏರಿದರೆ ಸಂಭ್ರಮಪಡಬೇಡಿ.

ಈಗ ಮೇಲಿನ ಮೂರಕ್ಕೆ ಬರೋಣ. 27, 19, 18. ಬೆಳವಣಿಗೆ ಎರಡನೆಯದು, ನ್ಯಾಯ ಮೂರನೆಯದು ಎಂದು ಸ್ಲೈಡಿನಲ್ಲಿ ಬರೆಯುವ ಮೊದಲು, ಈ ಸ್ಥಾನಗಳು ಎಷ್ಟು ಗಟ್ಟಿ ಎಂದು ಪರೀಕ್ಷಿಸಿ. 391 ಜನರ ಉತ್ತರವನ್ನು ಚೀಟಿ ಮಾಡಿ ಡಬ್ಬಿಗೆ ಹಾಕಿದಿರಿ ಅಂದುಕೊಳ್ಳಿ. ಒಂದು ಚೀಟಿ ತೆಗೆದು, ಬರೆದುಕೊಂಡು, ಮತ್ತೆ ಡಬ್ಬಿಗೇ ಹಾಕಿ. ಹೀಗೆ 391 ಸಲ ತೆಗೆದರೆ ಒಂದು ಹೊಸ ಸರ್ವೆ. ಕೆಲವರು ಎರಡು ಸಲ ಬಂದಿರುತ್ತಾರೆ, ಕೆಲವರು ಬಂದೇ ಇರುವುದಿಲ್ಲ. ಇಂಥ 1000 ಸರ್ವೆ ಮಾಡಿ ಪ್ರತಿಯೊಂದರಲ್ಲೂ ಪಾಲು ಲೆಕ್ಕ ಹಾಕುವುದು. ಇದಕ್ಕೆ ಬೂಟ್‌ಸ್ಟ್ರಾಪ್ ಅಂತಾರೆ, ಅದೇ ಪ್ಯಾಕೇಜಿನ `boot.relimp` ಮಾಡಿಕೊಡುತ್ತದೆ. ನಿಮ್ಮ ಶೀಟಿಗೆ ಹಾಕಿದಾಗ ಸೂಪರ್‌ವೈಸರ್ 1000ಕ್ಕೆ 870 ಸಲ ಮೊದಲ ಸ್ಥಾನದಲ್ಲೇ ಉಳಿಯಿತು. ಬೆಳವಣಿಗೆ ಮತ್ತು ನ್ಯಾಯ ಮಾತ್ರ ಒಂದು ಸಲ ಅದು ಮೇಲೆ, ಒಂದು ಸಲ ಇದು ಮೇಲೆ. ಅಂದರೆ ಆ ಎರಡರ ನಡುವೆ ನಿಮ್ಮ ಸರ್ವೆ ಏನನ್ನೂ ಹೇಳುತ್ತಿಲ್ಲ. ಅಲ್ಲಿ ಆಯ್ಕೆ ಮಾಡುವುದು ನಿಮ್ಮ ಕೆಲಸ. ಯಾವುದು ನಿಮ್ಮ ಕೈಯಲ್ಲಿದೆ, ಯಾವುದಕ್ಕೆ ಖರ್ಚು ಕಡಿಮೆ, ಯಾವುದು ಬೇಗ ಆಗುತ್ತದೆ, ಅದನ್ನು ನೋಡಿ.

ನನ್ನ ಕೇಳಿದರೆ ನ್ಯಾಯವನ್ನು ಹಿಡಿಯಿರಿ ಎನ್ನುತ್ತೇನೆ. ಕಾರಣ ಕಾಮೆಂಟುಗಳಲ್ಲಿದೆ. "ಓಟಿ ಲಿಸ್ಟ್ ಹಾಕೋ ಮೊದಲೇ ಅದರಲ್ಲಿ ಯಾರ ಹೆಸರಿರುತ್ತೆ ಅಂತ ಇಡೀ ಲೈನಿಗೆ ಗೊತ್ತು" ಎಂದು ಒಬ್ಬರು ಬರೆದಿದ್ದಾರೆ. ಲಿಸ್ಟ್ ಬರೆಯುವವರು ಯಾರು? ಸೂಪರ್‌ವೈಸರ್. ರಜೆಗೆ ಸಹಿ ಹಾಕುವವರು? ಅವರೇ. ಟೇಬಲ್ಲಿನಲ್ಲಿ ಎರಡು ಸಾಲಾಗಿ ಕಾಣುವುದು ಶಾಪ್ ಫ್ಲೋರಿನಲ್ಲಿ ಒಂದೇ ಮನುಷ್ಯ, ಒಂದೇ ರಿಜಿಸ್ಟರ್. ಹಾಗಾಗಿ ಸರದಿ ಪ್ರಕಾರ ಓಟಿ ಹಂಚಿ, ಆ ಲಿಸ್ಟನ್ನು ಪ್ರತಿ ವಾರ ನೋಟಿಸ್ ಬೋರ್ಡಿಗೆ ಹಾಕುವುದು, ರಜೆ ಕೊಡದಿದ್ದರೆ ಕಾರಣವನ್ನು ಬರೆದು ಕೊಡುವುದು. ಮೊದಲ ಹೆಜ್ಜೆಗೆ ಇಷ್ಟು ಸಾಕು. ಎಲ್ಲ ಸೂಪರ್‌ವೈಸರ್‌ಗಳನ್ನೂ ಹೋಟೆಲಿಗೆ ಕರೆದುಕೊಂಡು ಹೋಗಿ ಎರಡು ದಿನ ನಾಯಕತ್ವದ ತರಬೇತಿ ಕೊಡಿಸುವ ಆಲೋಚನೆ ಇದ್ದರೆ ಸದ್ಯಕ್ಕೆ ಬಿಡಿ.

ಬಿಡಿ ಎಂದದ್ದಕ್ಕೆ ಇನ್ನೊಂದು ಕಾರಣವೂ ಇದೆ. 52% ಎಂಬುದು ಸರಾಸರಿ. ನಿಮ್ಮ ಒಂಬತ್ತು ಲೈನುಗಳನ್ನು ಬಿಡಿಸಿ ನೋಡಿದರೆ ಆರರಲ್ಲಿ ಸೂಪರ್‌ವೈಸರ್ ಅಂಕ 60%ರ ಆಸುಪಾಸು, ಮೂರರಲ್ಲಿ ಮಾತ್ರ 30%. ತೊಂದರೆ ಇಡೀ ಕಾರ್ಖಾನೆಯದ್ದಲ್ಲ, ಆ ಮೂರು ಲೈನುಗಳದ್ದು.

ಇಲ್ಲಿ ಒಂದು ಎಚ್ಚರಿಕೆ. ಲೈನುವಾರು ಅಂಕ ನೋಡುವುದು ಸರಿ. ಆದರೆ ಒಂದೊಂದು ಲೈನಿಗೂ ಬೇರೆ ಬೇರೆ ಪಾಲಿನ ಲೆಕ್ಕ ಹಾಕಲು ಹೋಗಬೇಡಿ. 400 ಜನರಲ್ಲಿ 0.50 ಕೋರಿಲೇಷನ್ ಬಂದರೆ ನಿಜವಾದ ಬೆಲೆ 0.42ರಿಂದ 0.57ರೊಳಗೆ ಇರಬಹುದು ಎಂದು ಸಾಕಷ್ಟು ಧೈರ್ಯದಿಂದ ಹೇಳಬಹುದು. ಅದೇ 0.50 ಬರೀ 40 ಜನರಲ್ಲಿ ಬಂದರೆ 0.22ರಿಂದ 0.70ರವರೆಗೆ ಎಲ್ಲಾದರೂ ಇರಬಹುದು. ಅಷ್ಟು ಅಗಲದಲ್ಲಿ ಯಾವ ವಿಷಯವೂ ಯಾವ ಸ್ಥಾನಕ್ಕೂ ಬರುತ್ತದೆ. "ಲೈನ್ 4ಕ್ಕೆ ಟೂಲು ಮುಖ್ಯ, ಲೈನ್ 5ಕ್ಕೆ ಬೆಳವಣಿಗೆ ಮುಖ್ಯ" ಎಂದು ಚೆಂದದ ಬಣ್ಣದ ಚಾರ್ಟ್ ಮಾಡಿಕೊಡುವ ಸಾಫ್ಟ್‌ವೇರ್‌ಗಳಿವೆ. ಎಷ್ಟು ಜನರ ಉತ್ತರದ ಮೇಲೆ ಎಂದು ಕೇಳಿ ನೋಡಿ. ಮತ್ತೆ, ಹತ್ತಕ್ಕಿಂತ ಕಡಿಮೆ ಜನ ಇರುವ ಗುಂಪಿನ ಅಂಕವನ್ನು ಯಾರಿಗೂ ತೋರಿಸಬೇಡಿ. ಯಾರು ಏನು ಬರೆದರು ಎಂದು ಊಹಿಸುವುದು ಕಷ್ಟವಲ್ಲ. ಒಂದು ಸಲ ಹಾಗಾದರೆ ಮುಂದಿನ ವರ್ಷ ಎಲ್ಲರೂ ನಾಲ್ಕು ಹಾಕುತ್ತಾರೆ.

ಈ ಪಾಲುಗಳಿಂದ ಕಾರಣ ಯಾವುದು, ಪರಿಣಾಮ ಯಾವುದು ಎಂದು ಗೊತ್ತಾಗುವುದಿಲ್ಲ ಎಂಬುದನ್ನೂ ಮರೆಯಬೇಡಿ. ಒಂದೇ ದಿನ, ಒಂದೇ ಫಾರಂನಲ್ಲಿ ತುಂಬಿದ ಅಂಕಗಳಿವು. ಸೂಪರ್‌ವೈಸರ್ ಸರಿಯಿಲ್ಲ ಎಂದು ಜನ ಬೇಸತ್ತಿದ್ದಾರೋ, ಬೇಸತ್ತಿದ್ದರಿಂದ ಸೂಪರ್‌ವೈಸರ್ ಸರಿಯಿಲ್ಲ ಎನ್ನುತ್ತಿದ್ದಾರೋ, ಲೆಕ್ಕಕ್ಕೆ ಗೊತ್ತಿಲ್ಲ. ಹಾಗಾಗಿ ಸರ್ವೆಯ ಹೊರಗಿನ ಒಂದು ಸಾಕ್ಷಿ ಬೇಕು. ಕಳೆದ ಹನ್ನೆರಡು ತಿಂಗಳಲ್ಲಿ ಯಾವ ಲೈನಿನಿಂದ ಎಷ್ಟು ಜನ ಬಿಟ್ಟು ಹೋದರು, ಹೇಳದೆ ಕೇಳದೆ ಎಷ್ಟು ದಿನ ಗೈರಾದರು ಎಂದು ಹಾಜರಿ ರಿಜಿಸ್ಟರ್‌ನಿಂದ ತೆಗೆಯಿರಿ. ಆ ಮೂರು ಲೈನುಗಳಲ್ಲೇ ಜಾಸ್ತಿ ಇದ್ದರೆ ನೀವು ಸರಿಯಾದ ಕಡೆ ಕೈಯಿಟ್ಟಿದ್ದೀರಿ. ಒಂಬತ್ತು ಲೈನಿನಲ್ಲೂ ಒಂದೇ ಥರ ಇದ್ದರೆ ಮತ್ತೆ ಕೂತು ನೋಡಬೇಕು.

ಸಾಕ್ಷಿ ಸಿಕ್ಕರೆ, ಮೂರರಲ್ಲಿ ಎರಡು ಲೈನಿನಲ್ಲಿ ಮಾತ್ರ ಹೊಸ ಓಟಿ ಲಿಸ್ಟ್ ಶುರು ಮಾಡಿ. ಮೂರನೆಯದಕ್ಕೆ ನಾಲ್ಕು ತಿಂಗಳು ಬಿಟ್ಟು. ಇದನ್ನು ಕೇಳಿ ನಿಮಗೆ ಕಸಿವಿಸಿ ಆಗಬಹುದು, ಗೊತ್ತು. ಆದರೆ ಅತಿ ಕಡಿಮೆ ಅಂಕ ಬಂದ ಲೈನುಗಳನ್ನು ಹುಡುಕಿ ತೆಗೆದಿದ್ದೀರಲ್ಲ, ಅವುಗಳ ಅಂಕ ಮುಂದಿನ ಸಲ ಏನೂ ಮಾಡದಿದ್ದರೂ ಸ್ವಲ್ಪ ಏರುತ್ತದೆ. ಆ ದಿನ ಮೆಷಿನ್ ಕೆಟ್ಟಿತ್ತೋ, ಜಗಳ ಆಗಿತ್ತೋ, ಅಂಥ ಒಂದು ಕೆಟ್ಟ ವಾರದ ಪಾಲೂ ಆ 30%ರಲ್ಲಿ ಇರುತ್ತದೆ. ನಾಲ್ಕು ತಿಂಗಳ ನಂತರ ಮೂರೂ ಲೈನಿಗೆ ಅದೇ ಮಾತುಗಳಲ್ಲಿ ಮೂರೇ ಪ್ರಶ್ನೆ ಕೇಳಿ: ಮಾತಿಗೆ ಬೆಲೆ, ಓಟಿ ಹಂಚಿಕೆ, ಎರಡು ವರ್ಷ ಇಲ್ಲೇ ಇರುತ್ತೀರಾ. ಎರಡು ಲೈನುಗಳು 45ಕ್ಕೆ ಏರಿ, ಮುಟ್ಟದೇ ಬಿಟ್ಟ ಲೈನೂ 43ಕ್ಕೆ ಏರಿದ್ದರೆ ಲಿಸ್ಟಿನಿಂದ ಏನೂ ಆಗಿಲ್ಲ ಎಂದು ಅರ್ಥ. ಅದು 34ರಲ್ಲೇ ನಿಂತಿದ್ದರೆ, ಮರುದಿನವೇ ಅಲ್ಲಿಯ ಬೋರ್ಡಿಗೂ ಲಿಸ್ಟ್ ಹಾಕಿಸಿ.